ಸೋಮವಾರ ಬೆಳಿಗ್ಗೆ ಯಾವ ಲೆಕ್ಕ ನೋಡಬೇಕು?

ಕೇಳಿದ್ದು: ಗುಳೇದಗುಡ್ಡದ ಖಣದಲ್ಲಿ ಪರ್ಸ್, ಚಿಕ್ಕ ಬ್ಯಾಗ್ ಹೊಲಿಸಿ ನನ್ನದೇ ವೆಬ್‌ಸೈಟ್‌ನಲ್ಲಿ ಮಾರುತ್ತೇನೆ. ಒಬ್ಬಳದೇ ಕೆಲಸ. ವಾರಕ್ಕೆ 40 ಆರ್ಡರ್, ಅದರಲ್ಲಿ ಮುಕ್ಕಾಲು ಪಾಲು ಸಿಒಡಿ. ಡ್ಯಾಶ್‌ಬೋರ್ಡ್ ತೆರೆದರೆ ಇಪ್ಪತ್ತು ಗ್ರಾಫ್. ಮಾರಾಟ ಏರುತ್ತಿದೆ, ಬ್ಯಾಂಕಿನಲ್ಲಿ ದುಡ್ಡಿಲ್ಲ. ವಾರಕ್ಕೊಮ್ಮೆ ಕೂತು ಏನೇನು ನೋಡಲಿ?

ಸಾಬೂನು, ಮೈಸೂರು: ಕನ್ವರ್ಷನ್ ರೇಟ್ ಒಂದು ನೋಡಿದರೆ ಸಾಕು. ನೂರು ಜನ ಬಂದರೆ ಎಷ್ಟು ಜನ ಕೊಂಡರು ಅಂತ. ನನಗೆ 2% ಇತ್ತು, ಹೋದ ವಾರ 1.3% ಆಯ್ತು. ಕೂಡಲೇ ಫೋಟೋ ಎಲ್ಲಾ ಬದಲಾಯಿಸಿದೆ.

ಸೀರೆ ಅಂಗಡಿ, ಹುಬ್ಬಳ್ಳಿ: ಮೈಸೂರಿನವರೇ, ನಿಮಗೆ ವಾರಕ್ಕೆ ಎಷ್ಟು ಜನ ಬರುತ್ತಾರೆ? 600 ಅಂದುಕೊಂಡರೆ, 2% ಅಂದರೆ 12 ಆರ್ಡರ್, 1.3% ಅಂದರೆ 8. ನಾಲ್ಕು ಆರ್ಡರ್ ಹೆಚ್ಚುಕಮ್ಮಿ ಸುಮ್ನೆ ಹಾಗೇ ಆಗುತ್ತದೆ, ಫೋಟೋದ ತಪ್ಪಲ್ಲ. ಆ ರೇಟನ್ನು ತಿಂಗಳಿಗೊಮ್ಮೆ ನೋಡಿ.

ಬಾಗಲಕೋಟೆ ಕಡೆಯ ಅಕ್ಕಾ, ನಿಮ್ಮ ರೋಗ ಬೇರೆ. ಡ್ಯಾಶ್‌ಬೋರ್ಡ್ ಆರ್ಡರ್ ಬಿದ್ದ ದಿನವೇ ಅದನ್ನು ಮಾರಾಟ ಅಂತ ಬರೆದುಕೊಳ್ಳುತ್ತದೆ. ಸಿಒಡಿಯಲ್ಲಿ ಅದು ಇನ್ನೂ ಮಾರಾಟ ಅಲ್ಲ. ಗಿರಾಕಿ ಬಾಗಿಲಲ್ಲಿ ಬೇಡ ಅಂದರೆ ಪಾರ್ಸೆಲ್ ಆರ್‌ಟಿಒ ಆಗಿ ವಾಪಸ್ ಬರುತ್ತದೆ, ಹೋದ ಬಾಡಿಗೆ ಬಂದ ಬಾಡಿಗೆ ಎರಡೂ ನಿಮ್ಮ ತಲೆಗೆ.

ನಿಮ್ಮಂಥ ಒಂದು ವಾರದ ಲೆಕ್ಕ ಹಾಕಿದೆ. ದರಗಳು ನನ್ನ ಅಂದಾಜು, ನಿಮ್ಮವನ್ನು ತುಂಬಿಕೊಳ್ಳಿ. 40 ಪಾರ್ಸೆಲ್, ತಲಾ 650 ರೂಪಾಯಿ, 28 ಸಿಒಡಿ. ಡ್ಯಾಶ್‌ಬೋರ್ಡ್ ತೋರಿಸುವುದು 26,000. ಸಿಒಡಿಯಲ್ಲಿ 9 ವಾಪಸ್ ಬಂದವು. ಹಾಗಾದರೆ ನಿಜವಾದ ಮಾರಾಟ 31 ಪೀಸ್, 20,150. ಬಟ್ಟೆ, ಹೊಲಿಗೆ ಪೀಸಿಗೆ 280ರಂತೆ 8,680. ಪ್ಯಾಕಿಂಗ್ 800, ಕಳಿಸಿದ ಬಾಡಿಗೆ 2,800, ವಾಪಸ್ ಬಾಡಿಗೆ 540, ಸಿಒಡಿ ಮತ್ತು ಪೇಮೆಂಟ್ ಗೇಟ್‌ವೇ ಶುಲ್ಕ ಸೇರಿ 726, ಜಾಹೀರಾತು 5,000. ಉಳಿದದ್ದು 1,604 ರೂಪಾಯಿ. ಎಲ್ಲವೂ ತಲುಪಿದ್ದರೆ, ಸಿಒಡಿ ಶುಲ್ಕ ಸ್ವಲ್ಪ ಏರಿದರೂ, 5,204 ಉಳಿಯುತ್ತಿತ್ತು.

ಅದಕ್ಕೇ ನಾನು ಇಡುವ ಮೊದಲ ಲೆಕ್ಕ ಆರ್‌ಟಿಒ, ಅದೂ ಕಳಿಸಿದ ವಾರದ ಪ್ರಕಾರ. ಈ ವಾರ ವಾಪಸ್ ಬಂದದ್ದನ್ನು ಈ ವಾರದ ಆರ್ಡರಿನಿಂದ ಭಾಗಿಸಬೇಡಿ. ಪಾರ್ಸೆಲ್ ತಿರುಗಿ ಬರಲು ಎರಡು ಮೂರು ವಾರ ಬೇಕು. ಆರ್ಡರ್ ಏರುತ್ತಿದ್ದಾಗ ಹಾಗೆ ಭಾಗಿಸಿದರೆ ಆರ್‌ಟಿಒ ಕಮ್ಮಿ ಅಂತ ಸುಳ್ಳು ಸಮಾಧಾನ ಸಿಗುತ್ತದೆ. ನಾನು ಅದರಲ್ಲೇ ಒಂದು ದೀಪಾವಳಿ ಕಳೆದೆ. ಶೀಟಿನಲ್ಲಿ A ಕಳಿಸಿದ ವಾರ, B ಪಾವತಿ, C ಸ್ಥಿತಿ:

```
=COUNTIFS(A:A,"W23",B:B,"COD",C:C,"RTO")/COUNTIFS(A:A,"W23",B:B,"COD")
```

ಸೋಮವಾರ ನೋಡುವುದು ಮೂರು ವಾರ ಹಿಂದಿನದ್ದು. ಅದೇ ವಾರಕ್ಕೆ ಮೇಲಿನ ಹಾಗೆ ಕೈಯಲ್ಲಿ ಉಳಿದದ್ದನ್ನೂ ಪಕ್ಕದಲ್ಲಿ ಬರೆಯಿರಿ.

ಉಪ್ಪಿನಕಾಯಿ, ಶಿರಸಿ: ನಾನು ಸಿಒಡಿ ಇಟ್ಟೇ ಇಲ್ಲ, ನನಗೆ ಇದ್ಯಾವುದೂ ಇಲ್ಲ. ಬಾಟಲಿ ಒಡೆಯುವುದೇ ಚಿಂತೆ. ಅಂದಹಾಗೆ ಪುಕ್ಕಟೆ ಡ್ಯಾಶ್‌ಬೋರ್ಡ್ ಆ್ಯಪ್ ಯಾವುದಾದರೂ ಇದೆಯಾ?

ಸೀರೆ ಅಂಗಡಿ, ಹುಬ್ಬಳ್ಳಿ: ಆ್ಯಪ್ ಬೇಡ, ಶೀಟೇ ಸಾಕು. ಒಡೆದ ಬಾಟಲಿಗಳನ್ನೂ ಕಳಿಸಿದ ವಾರದ ಪ್ರಕಾರವೇ ಎಣಿಸಿ.

ಜುಬ್ಬಾ, ತುಮಕೂರು: ಮೂರು ವಾರ ಹಿಂದಿನ ಲೆಕ್ಕ ನೋಡಿ ಏನು ಪ್ರಯೋಜನ? ಕೆಟ್ಟದ್ದು ಆಗಿಹೋಗಿರುತ್ತದೆ ಅಲ್ವಾ?

ಸೀರೆ ಅಂಗಡಿ, ಹುಬ್ಬಳ್ಳಿ: ಒಳ್ಳೆ ಪ್ರಶ್ನೆ. ಅದಕ್ಕೇ ಇನ್ನೊಂದು ಲೆಕ್ಕ: ಡೆಲಿವರಿ ಹುಡುಗ ಒಮ್ಮೆ ಹೋಗಿ ಕೊಡಲಾಗದೆ ಬಂದ ಪಾರ್ಸೆಲ್ ಎಷ್ಟು. ಕೊರಿಯರ್ ಪ್ಯಾನೆಲ್‌ನಲ್ಲಿ ಎನ್‌ಡಿಆರ್ ಅಂತ ಇರುತ್ತದೆ. ಇದನ್ನು ಸೋಮವಾರದವರೆಗೆ ಬಿಡಬೇಡಿ, ದಿನಾ ಸಂಜೆ ಗಿರಾಕಿಗೆ ಫೋನ್ ಮಾಡಿ. ಸಾಮಾನ್ಯವಾಗಿ ಮೂರು ಸಲ ಯತ್ನಿಸಿ ಆಮೇಲೆ ವಾಪಸ್ ಕಳಿಸುತ್ತಾರೆ. "ಗಿರಾಕಿ ಬೇಡ ಅಂದರು" ಅಂತ ಬರೆದದ್ದೆಲ್ಲ ನಿಜ ಅಲ್ಲ. ಕೇಳಿದರೆ "ಯಾರೂ ಬಂದೇ ಇಲ್ಲ" ಅನ್ನುವವರೂ ಇರುತ್ತಾರೆ.

ಕೊನೆಯದು, ಕೊರಿಯರ್ ಬಳಿ ಬಾಕಿ ಇರುವ ಸಿಒಡಿ ದುಡ್ಡು. ತಲುಪಿದ ಮೇಲೂ ನಿಮ್ಮ ಖಾತೆಗೆ ಬರಲು ಒಂದು ವಾರ, ಕೆಲವೊಮ್ಮೆ ಜಾಸ್ತಿ. ನೇಕಾರರಿಗೆ ಮುಂಗಡ ಕೊಡುವವರು ನೀವು. ಬ್ಯಾಂಕಿನಲ್ಲಿ ಇರುವುದು, ಬರಬೇಕಾದದ್ದು, ಹತ್ತು ದಿನದಲ್ಲಿ ಕೊಡಬೇಕಾದದ್ದು ಒಂದೇ ಸಾಲಿನಲ್ಲಿ ಇರಲಿ.

ಜುಬ್ಬಾ, ತುಮಕೂರು: ನಾನು ಸಿಒಡಿಗೆ 50 ರೂಪಾಯಿ ಜಾಸ್ತಿ ಹಾಕಿದೆ. ಆರ್‌ಟಿಒ ಇಳಿಯಿತು, ಆರ್ಡರೂ ಇಳಿಯಿತು. ಲಾಭವೋ ನಷ್ಟವೋ ಇವತ್ತಿಗೂ ಗೊತ್ತಿಲ್ಲ.

ಸೀರೆ ಅಂಗಡಿ, ಹುಬ್ಬಳ್ಳಿ: ನಾನು ಹಾಕಿಲ್ಲ. ಮುಂಚೆಯೇ ಕಟ್ಟುವವರಿಗೆ 30 ಬಿಡುತ್ತೇನೆ. ಅದೇ ಸರಿ ಅಂತ ಹೇಳಲಾರೆ.

ಕೇಳಿದವರು: ಈಗಷ್ಟೇ ಮೂರು ವಾರ ಹಿಂದಿನದ್ದನ್ನು ಎಣಿಸಿದೆ ಅಣ್ಣಾ. 31 ಸಿಒಡಿಯಲ್ಲಿ 11 ವಾಪಸ್. ಅದರಲ್ಲಿ 7 ಒಂದೇ ರೀಲ್ ನೋಡಿ ಬಂದವರು, ಆ ರೀಲಿಗೇ ನಾನು ಜಾಸ್ತಿ ದುಡ್ಡು ಹಾಕಿದ್ದು. ಅದು ನಿಲ್ಲಿಸಲಾ, ಇನ್ನೊಂದು ವಾರ ನೋಡಲಾ?