ಸಹಾಯ ಬೇಕು: ಪತ್ರದಲ್ಲಿರುವ ಹೊಸ ಘಟಕ ಲೆಕ್ಕದಲ್ಲಿ ಯಾಕೆ ನಿಂತಿದೆ?

ಎಲ್ಲರಿಗೂ ನಮಸ್ಕಾರ. ನಾನು ಗದಗದವನು, ಬೆಟಗೇರಿಯಲ್ಲಿ ಸಣ್ಣ ಅಂಗಡಿ ಇದೆ. ಒಂದು ಪಂಪ್ ಕಂಪನಿಯ ಷೇರು ಸ್ವಲ್ಪ ಇಟ್ಟಿದ್ದೇನೆ, ಹೆಸರು ಬೇಡ.

ಅದರ ಮೂರು ವರ್ಷದ ವಾರ್ಷಿಕ ವರದಿ ಪಕ್ಕಪಕ್ಕ ಇಟ್ಟು ಓದಿದೆ. ಅಧ್ಯಕ್ಷರ ಪತ್ರದಲ್ಲಿ ಮೂರು ವರ್ಷವೂ ಅದೇ ಮಾತು: 'ಹೊಸ ಘಟಕ ಶೀಘ್ರದಲ್ಲೇ ಶುರು'. 'ಮಾಡಲಿದ್ದೇವೆ', 'ನಿರೀಕ್ಷೆಯಿದೆ' ಅನ್ನೋದಕ್ಕೆಲ್ಲ ಕೆಂಪು ಗೆರೆ, ಲೆಕ್ಕದಲ್ಲಿ ತಾಳೆ ನೋಡಬಹುದಾದದ್ದಕ್ಕೆ ನೀಲಿ ಗೆರೆ ಎಳೆದೆ. ಪತ್ರ ಪೂರ್ತಿ ಕೆಂಪಾಯ್ತು! ಆಡಳಿತ ಮಂಡಳಿಯ ವಿಶ್ಲೇಷಣೆಯಲ್ಲಿ ಒಂದೇ ನೀಲಿ ಸಿಕ್ಕಿತು: ಘಟಕಕ್ಕೆ ಈವರೆಗೆ 42 ಕೋಟಿ ಖರ್ಚು.

ಲೆಕ್ಕಪತ್ರದ ಟಿಪ್ಪಣಿಯಲ್ಲಿ 'ಕ್ಯಾಪಿಟಲ್ ವರ್ಕ್ ಇನ್ ಪ್ರೋಗ್ರೆಸ್', ಅಂದರೆ ಇನ್ನೂ ಮುಗಿಯದ ಕಾಮಗಾರಿಗೆ ಹಾಕಿದ ಹಣ, ಎಷ್ಟಿದೆ ಅಂತ ನೋಡಿದೆ. 42 ಕೋಟಿ ಸರಿಯಾಗಿದೆ. ಆದರೆ ಅದರ ಕೆಳಗೆ, ಹಣ ಹಾಕಿ ಎಷ್ಟು ವರ್ಷವಾಯಿತು ಎಂದು ತೋರಿಸುವ, 2021-22ರಿಂದ ಕಡ್ಡಾಯವಾದ ವಯಸ್ಸಿನ ಪಟ್ಟಿ ಇದೆಯಲ್ಲ, ಅದರಲ್ಲಿ 31 ಕೋಟಿ ಎರಡು-ಮೂರು ವರ್ಷ ಹಳೆಯದು, 9 ಕೋಟಿ ಒಂದು-ಎರಡು ವರ್ಷದ್ದು. ಈ ವರ್ಷ ಹಾಕಿದ್ದು ಬರೀ 2 ಕೋಟಿ. ಅಂದರೆ ಕೆಲಸ ಹೆಚ್ಚುಕಡಿಮೆ ನಿಂತಿದೆ ಅಂತ ನನಗನಿಸುತ್ತದೆ.

ಗೊಂದಲ ಇರೋದು ಇಲ್ಲಿ. ಘಟಕಕ್ಕೆ ಆರ್ಡರ್ ಕೊಟ್ಟು ಇನ್ನೂ ಬಾಕಿ ಇರುವ ಬಂಡವಾಳ ಬದ್ಧತೆ ಹೋದ ವರ್ಷ 18 ಕೋಟಿ ಇತ್ತು, ಈಗ 3 ಕೋಟಿ. ಖರ್ಚು 2 ಕೋಟಿ ಆಗಿ ಬದ್ಧತೆ 15 ಕೋಟಿ ಇಳಿದದ್ದು ಹೇಗೆ? ಆರ್ಡರ್ ರದ್ದಾಯಿತೋ, ಯಂತ್ರದವರಿಗೆ ಮುಂಗಡ ಹೋಯಿತೋ? ಬದ್ಧತೆಯನ್ನು ಸಾಮಾನ್ಯವಾಗಿ ಮುಂಗಡ ಕಳೆದೇ ತೋರಿಸುತ್ತಾರೆ, ಆದರೆ ಕ್ಯಾಪಿಟಲ್ ಅಡ್ವಾನ್ಸ್ ಸಾಲಿನಲ್ಲಿ ಏರಿಕೆ ಕಾಣಲಿಲ್ಲ. ತಡವಾದ ಕಾಮಗಾರಿ ಯಾವಾಗ ಮುಗಿಯುತ್ತದೆ ಎನ್ನುವ ಪಟ್ಟಿಯೂ ಇಲ್ಲ. ಮೂಲ ಯೋಜನೆಗಿಂತ ತಡವಾದರೆ ಅದನ್ನು ಕೊಡಲೇಬೇಕು ಅಲ್ವಾ? ಇಂಥದ್ದನ್ನು ನೋಡಿದವರು ಇನ್ನೆಲ್ಲಿ ಹುಡುಕಬೇಕು ಅಂತ ಹೇಳಿ. ಮುಂದಿನ ವಾರ ವಾರ್ಷಿಕ ಸಭೆ ಇದೆ, ಅಲ್ಲಿ ಕೇಳಬೇಕು.