ತೂಕ 114 ಕೆಜಿ, ಏರ್‌ವೇ ಬಿಲ್‌ನಲ್ಲಿ 240 ಕೆಜಿ. ಕನ್ಸೈನೀ ಜಾಗದಲ್ಲಿ ಗೊತ್ತಿಲ್ಲದ ಕಂಪನಿ. ಸಹಿ ಹಾಕಲೇ?

ಬೊಂಬೆಮನೆ:
ಚನ್ನಪಟ್ಟಣದ ಮರದ ಬೊಂಬೆ, 12 ಬಾಕ್ಸ್, ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ. ಮಾಲು ಏರ್‌ಪೋರ್ಟ್ ಕಾರ್ಗೊ ಗೋದಾಮು ಸೇರಿದೆ, ನಾಳೆ ರಾತ್ರಿ ಫ್ಲೈಟ್. ಫಾರ್ವರ್ಡರ್ ಈಗಷ್ಟೇ ಡ್ರಾಫ್ಟ್ ಕಳಿಸಿದ್ದಾರೆ.

ಒಂದು: ಪ್ರತಿ ಬಾಕ್ಸ್ 9.5 ಕೆಜಿ, ಒಟ್ಟು 114. ಗ್ರಾಸ್ ವೇಯ್ಟ್ 114 ಅಂತಲೇ ಇದೆ, ಆದರೆ ಚಾರ್ಜೆಬಲ್ ವೇಯ್ಟ್ 240. ಕೊಟೇಶನ್ ಕೊಡುವಾಗ 216 ಅಂದಿದ್ದರು. ದರ 100 ಕೆಜಿ ಮೇಲೆ 185 ರೂಪಾಯಿ, 300 ಮೇಲೆ 160.

ಎರಡು: ಮಾಸ್ಟರ್ ಬಿಲ್‌ನಲ್ಲಿ ಕನ್ಸೈನೀ ಅಂತ ಫ್ರಾಂಕ್‌ಫರ್ಟ್‌ನ ಯಾವುದೋ ಕಂಪನಿ ಹೆಸರಿದೆ. ಹೌಸ್ ಬಿಲ್‌ನಲ್ಲಿ ನಮ್ಮ ಬೈಯರ್ ಹೆಸರು ಸರಿಯಾಗಿದೆ. ಮಾಸ್ಟರ್ ತಿದ್ದಿಸಬೇಕಾ? ಪೇಮೆಂಟ್ ಡಿ.ಪಿ., ಕಾಗದ ಬ್ಯಾಂಕ್ ಮೂಲಕ ಹೋಗುತ್ತೆ, ಬೈಯರ್ ದುಡ್ಡು ಕಟ್ಟಿದ ಮೇಲಷ್ಟೇ ಅವರ ಕೈಗೆ.

ವೇಗದೂತ:
ತೂಕದ ವಿಷಯ ಹೇಳ್ತೀನಿ. ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಬೇಕು. ಗ್ರಾಸ್ ವೇಯ್ಟ್‌ಗಿಂತ ಅದು ಜಾಸ್ತಿ ಬಂದರೆ ಅದಕ್ಕೇ ದುಡ್ಡು. ನಿಮ್ಮ ಬಾಕ್ಸ್ ಅಳತೆ ಎಷ್ಟು?

ಬೊಂಬೆಮನೆ:
ನಮ್ಮ ಪ್ಯಾಕಿಂಗ್ ಲಿಸ್ಟ್‌ನಲ್ಲಿ 60 × 45 × 40. ಗೋದಾಮಿನ ಚೀಟಿಯಲ್ಲಿ 62 × 46 × 42 ಅಂತ ಬರೆದಿದ್ದಾರೆ.

ಸರಕುನೋಟ:
ವೇಗದೂತ ಸರ್, ಲೆಕ್ಕದ ದಾರಿ ಸರಿ, ಆದರೆ 5000 ಕೊರಿಯರ್‌ನವರ ಭಾಜಕ. ಏರ್‌ಲೈನ್ ಕಾರ್ಗೊಗೆ 6000. ಇವರ ವ್ಯತ್ಯಾಸ ಹುಟ್ಟಿರುವುದು ಭಾಜಕದಿಂದ ಅಲ್ಲ, ಟೇಪಿನಿಂದ:

```
60 × 45 × 40 × 12 ÷ 6000 = 216
62 × 46 × 42 × 12 ÷ 6000 = 239.568 → 240.0
```

ಮೇಲಿನ ಸಾಲು ನಿಮ್ಮ ಕೊಟೇಶನ್, ಕೆಳಗಿನದು ಗೋದಾಮಿನ ಅಳತೆ. ಅರ್ಧ ಕೆಜಿಗೆ ಮೇಲಕ್ಕೆ ಏರಿಸುವುದು ನಿಯಮ, ಅದಕ್ಕೇ 239.568 ಹೋಗಿ 240 ಆಯಿತು. ಖಾಲಿ ಬಾಕ್ಸ್‌ನ ಅಳತೆಯನ್ನೇ ಪ್ಯಾಕಿಂಗ್ ಲಿಸ್ಟ್‌ಗೆ ಹಾಕುವವರು ಬಹಳ ಜನ. ಬೊಂಬೆ ತುಂಬಿ ಟೇಪ್ ಒತ್ತಿದ ಮೇಲೆ ಪಕ್ಕಗಳು ಉಬ್ಬುತ್ತವೆ, ಮೇಲಿನ ಮುಚ್ಚಳ ಬಿಲ್ಲಿನಂತೆ ಏಳುತ್ತೆ. ಗೋದಾಮಿನವರು ಅಳೆಯುವುದು ಮೂಲೆಯಲ್ಲಲ್ಲ, ಅತಿ ಹೆಚ್ಚು ಉಬ್ಬಿದ ಕಡೆ. ಎರಡು ಸೆಂಟಿಮೀಟರ್ ಅನ್ನುವುದು ಒಂದು ಬಾಕ್ಸ್‌ನಲ್ಲಿ ಕಾಣೋದೇ ಇಲ್ಲ, ಹನ್ನೆರಡರಲ್ಲಿ 24 ಕೆಜಿ ಆಗುತ್ತೆ. ನಿಮ್ಮ ದರದಲ್ಲಿ 4,440 ರೂಪಾಯಿ.

ಒಂದೇ ಬಾಕ್ಸ್ ಅಳೆದು ಹನ್ನೆರಡಕ್ಕೂ ಅದನ್ನೇ ಬರೆದಿದ್ದಾರಾ ನೋಡಿ. ಹಾಗಿದ್ದರೆ ಎಲ್ಲವನ್ನೂ ಅಳೆಯಿರಿ ಅಂತ ಫಾರ್ವರ್ಡರ್ ಮೂಲಕ ಇವತ್ತೇ ಕೇಳಿ. ಮಾಲು ಪ್ಯಾಲೆಟ್ ಮೇಲೆ ಹೋಗಿ ಬಲೆ ಬಿಗಿದ ಮೇಲೆ ಯಾರೂ ಟೇಪ್ ಹಿಡಿಯಲ್ಲ.

ವೇಗದೂತ:
ಸರಿ, ನಾನು ನೋಡಿದ್ದು ಡೋರ್ ಡೆಲಿವರಿ ಬಿಲ್. ಇನ್ನೊಂದು, 300 ಕೆಜಿಗೆ 160 ಇದೆಯಲ್ಲ, 240 ಇದ್ದರೂ 300 ಅಂತ ಬರೆಸಿದರೆ ಕಡಿಮೆ ಆಗಲ್ವಾ?

ಸರಕುನೋಟ:
ಹಾಗೆ ಬರೆಸಬಹುದು, ಅದು ನಿಯಮದಲ್ಲೇ ಇದೆ. ಚಾರ್ಜೆಬಲ್ ವೇಯ್ಟ್ ಜಾಗದಲ್ಲಿ 300 ಬರುತ್ತೆ, ಗ್ರಾಸ್ 114 ಹಾಗೇ ಉಳಿಯುತ್ತೆ. ಆದರೆ 240 × 185 ಅಂದರೆ 44,400, 300 × 160 ಅಂದರೆ 48,000. ಇಲ್ಲಿ ನಷ್ಟ. 259.5 ಕೆಜಿ ಮುಟ್ಟಿದ ಮೇಲಷ್ಟೇ ಲಾಭ. ಫ್ಯೂಯೆಲ್ ಸರ್ಚಾರ್ಜ್ ಯಾವ ತೂಕದ ಮೇಲೆ ಹಾಕ್ತಾರೆ ಅಂತಲೂ ಕೇಳಿ, ಎಲ್ಲ ಏರ್‌ಲೈನ್‌ನಲ್ಲೂ ಒಂದೇ ಥರ ಇಲ್ಲ.

ಈಗ ತೂಕಕ್ಕಿಂತ ದೊಡ್ಡ ವಿಷಯ. ನೀವು ತಪ್ಪು ಅಂದುಕೊಂಡಿರುವ ಮಾಸ್ಟರ್ ಸರಿಯಾಗಿದೆ. ಸರಿ ಅಂದುಕೊಂಡಿರುವ ಹೌಸ್ ಬಿಲ್ ಅಪಾಯದಲ್ಲಿದೆ. ಮಾಸ್ಟರ್ ಏರ್‌ಲೈನ್‌ಗೂ ಫಾರ್ವರ್ಡರ್‌ಗೂ ನಡುವಿನ ಕಾಗದ, ಅದರಲ್ಲಿ ಫಾರ್ವರ್ಡರ್‌ನ ಅಲ್ಲಿನ ಏಜೆಂಟೇ ಕನ್ಸೈನೀ. ಅವರು ಇಡೀ ಲಾಟ್ ಬಿಡಿಸಿಕೊಂಡು, ಹೌಸ್ ಬಿಲ್‌ನಲ್ಲಿ ಯಾರ ಹೆಸರಿದೆಯೋ ಅವರಿಗೆ ಮಾಲು ಕೊಡುತ್ತಾರೆ. ನಿಮ್ಮದರಲ್ಲಿ ಬೈಯರ್ ಹೆಸರೇ ಇದೆ. ಅವರು ಗುರುತು ತೋರಿಸಿ ಮಾಲು ಒಯ್ಯಬಹುದು, ಬ್ಯಾಂಕಿಗೆ ದುಡ್ಡು ಕಟ್ಟಿ ಒರಿಜಿನಲ್ ಕಾಗದ ತರಬೇಕಾಗಿಲ್ಲ. ನಿಮ್ಮ ಡಿ.ಪಿ. ಹೆಸರಿಗೆ ಮಾತ್ರ ಉಳಿಯುತ್ತೆ.

ಕರಾವಳಿ_ಗೋಡಂಬಿ:
ಮಂಗಳೂರಿಂದ ಹಡಗಿನಲ್ಲಿ ಕಳಿಸುವಾಗ ನಾವು ಕನ್ಸೈನೀ ಜಾಗದಲ್ಲಿ ‘ಟು ಆರ್ಡರ್’ ಅಂತ ಹಾಕಿಸ್ತೇವೆ ಮಾರಾಯ್ರೆ. ಒರಿಜಿನಲ್ ಬಿ.ಎಲ್. ಇಲ್ಲದೆ ಕಂಟೇನರ್ ಅಲ್ಲಾಡುವುದಿಲ್ಲ. ಇವರೂ ಹಾಗೇ ಮಾಡಲಿ.

ಸರಕುನೋಟ:
ಸರ್, ಹಡಗಿನ ಬಿ.ಎಲ್. ಮಾಲಿನ ಒಡೆತನದ ಕಾಗದ. ಏರ್‌ವೇ ಬಿಲ್ ಹಾಗಲ್ಲ, ಅದರ ನೆತ್ತಿಯ ಮೇಲೇ ‘ನಾಟ್ ನೆಗೋಷಿಯಬಲ್’ ಅಂತ ಅಚ್ಚಾಗಿರುತ್ತೆ. ಇನ್ನೊಬ್ಬರಿಗೆ ಬರೆದುಕೊಡಲು ಬರಲ್ಲ, ಅದಕ್ಕೇ ‘ಟು ಆರ್ಡರ್’ ಇಲ್ಲಿ ನಡೆಯಲ್ಲ. ಹೆಸರು, ವಿಳಾಸ, ದೇಶ ಸಮೇತ ಒಬ್ಬರು ಬೇಕೇ ಬೇಕು.

ಬೊಂಬೆಮನೆಯವರೇ, ದಾರಿ ಇದು. ಹೌಸ್ ಬಿಲ್‌ನ ಕನ್ಸೈನೀ ಜಾಗದಲ್ಲಿ ಜರ್ಮನಿಯ ಬ್ಯಾಂಕ್ ಹೆಸರು, ಶಾಖೆಯ ವಿಳಾಸ. ಬೈಯರ್ ಹೆಸರನ್ನು ನೋಟಿಫೈ ಆಗಿ ಕೊಡಿ. ಬಿಲ್‌ನಲ್ಲಿ ನೋಟಿಫೈಗೆ ಬೇರೆ ಚೌಕ ಇಲ್ಲ, ಹ್ಯಾಂಡ್ಲಿಂಗ್ ಇನ್ಫರ್ಮೇಶನ್ ಚೌಕದಲ್ಲಿ ಟೈಪ್ ಮಾಡಿಸಬೇಕು. ಬೈಯರ್ ದುಡ್ಡು ಕಟ್ಟಿದ ಮೇಲೆ ಬ್ಯಾಂಕ್ ಬಿಡುಗಡೆ ಪತ್ರ ಕೊಡುತ್ತೆ, ಅದನ್ನು ನೋಡಿ ಏಜೆಂಟ್ ಮಾಲು ಬಿಡುತ್ತಾರೆ.

ಆದರೆ ಬ್ಯಾಂಕ್‌ನ ಒಪ್ಪಿಗೆ ಮೊದಲು ಬೇಕು. ಬ್ಯಾಂಕ್ ಮೂಲಕ ವಸೂಲಿ ಮಾಡುವ ಅಂತರರಾಷ್ಟ್ರೀಯ ನಿಯಮ ಯು.ಆರ್.ಸಿ. 522ರ 10ನೇ ಕಲಮಿನ ಪ್ರಕಾರ, ಕೇಳದೆ ಬ್ಯಾಂಕ್ ಹೆಸರಿಗೆ ಮಾಲು ಕಳಿಸಿದರೆ ಅದನ್ನು ಬಿಡಿಸಿಕೊಳ್ಳುವ ಹೊಣೆ ಅವರಿಗಿಲ್ಲ. ಅಪಾಯ, ಗೋದಾಮಿನ ಬಾಡಿಗೆ ಎಲ್ಲ ನಿಮ್ಮ ತಲೆಗೆ.

ಬೊಂಬೆಮನೆ:
ನಮ್ಮ ಬ್ಯಾಂಕ್ ಮ್ಯಾನೇಜರ್‌ಗೆ ಮೇಲ್ ಹಾಕಿದೆ, ಜರ್ಮನಿಯಿಂದ ಉತ್ತರ ಬರಲು ಎರಡು ದಿನ ಅಂದರು. ಫ್ಲೈಟ್ ನಾಳೆ. ಬೈಯರ್ ಹೆಸರಲ್ಲೇ ಕಳಿಸಿ ಆಮೇಲೆ ತಡೆಯಲು ಬರುತ್ತಾ?

ಕಸ್ಟಮ್ಸ್_ಕಿಟ್ಟಿ:
ಕನ್ಸೈನೀ ಬದಲಾಯಿಸಿದರೆ ಶಿಪ್ಪಿಂಗ್ ಬಿಲ್ ತಿದ್ದುಪಡಿ ಬೇಕು. ಡ್ರಾಬ್ಯಾಕ್ ನಿಂತುಹೋಗುತ್ತೆ, ಹುಷಾರು. ಚಾರ್ಜೆಬಲ್ ವೇಯ್ಟ್ ಕೂಡ ಶಿಪ್ಪಿಂಗ್ ಬಿಲ್ ಜೊತೆ ಹೊಂದಬೇಕು.

ಸರಕುನೋಟ:
ಕಿಟ್ಟಿಯವರೇ, ಕೊನೆಯ ಮಾತು ಸರಿಯಲ್ಲ. ಶಿಪ್ಪಿಂಗ್ ಬಿಲ್ ಜೊತೆ ಹೊಂದಬೇಕಾದದ್ದು ಬಾಕ್ಸ್ ಸಂಖ್ಯೆ ಮತ್ತು ಗ್ರಾಸ್ ವೇಯ್ಟ್, ಅಂದರೆ 12 ಮತ್ತು 114. ಚಾರ್ಜೆಬಲ್ ವೇಯ್ಟ್ ಬಾಡಿಗೆಯ ಲೆಕ್ಕ ಅಷ್ಟೇ. ಕನ್ಸೈನೀ ವಿಷಯವನ್ನು ಇವರು ತಮ್ಮ ಕಸ್ಟಮ್ಸ್ ಏಜೆಂಟ್ ಸಿ.ಎಚ್.ಎ.ಯನ್ನು ಕೇಳುವುದೇ ಒಳ್ಳೆಯದು. ಕಸ್ಟಮ್ಸ್‌ನ ಲೆಟ್ ಎಕ್ಸ್‌ಪೋರ್ಟ್ ಅನುಮತಿ ಸಿಕ್ಕಿದೆಯಾ ಇಲ್ಲವಾ ಅನ್ನುವುದರ ಮೇಲೆ ಹೋಗುತ್ತೆ.

ತಡೆಯುವ ಹಕ್ಕು ಇದೆ. ಮಾಂಟ್ರಿಯಲ್ ಒಪ್ಪಂದದ 12ನೇ ಕಲಮು, ಭಾರತ ಜರ್ಮನಿ ಎರಡಕ್ಕೂ ಅನ್ವಯ. ಮಾಲು ಮುಟ್ಟಿ ಕನ್ಸೈನೀ ಕೇಳುವ ತನಕ ಕಳಿಸಿದವರು ‘ನಿಲ್ಲಿಸಿ’, ‘ವಾಪಸ್ ತನ್ನಿ’, ‘ಬೇರೆಯವರಿಗೆ ಕೊಡಿ’ ಅನ್ನಬಹುದು. ಆಗ ನಿಮ್ಮ ಪ್ರತಿ, ಒರಿಜಿನಲ್ 3, ತೋರಿಸಬೇಕಾಗುತ್ತೆ. ಸಾಮಾನ್ಯವಾಗಿ ಅದು ನೀಲಿ ಬಣ್ಣದ್ದು. ನೀವು ಡಿ.ಪಿ. ಕಾಗದದ ಜೊತೆ ಅದನ್ನೇ ಬ್ಯಾಂಕಿಗೆ ಕೊಟ್ಟಿರುತ್ತೀರಿ, ಕೈಯಲ್ಲಿ ಇರಲ್ಲ. ಮೇಲಾಗಿ ಫ್ಲೈಟ್ ಇಳಿದ ದಿನವೇ ಬೈಯರ್ ಬಂದು ಕೇಳಿದರೆ ನಿಮ್ಮ ಹಕ್ಕು ಅಲ್ಲಿಗೆ ಮುಗಿಯಿತು. ನಾನಾದರೆ ಎರಡು ದಿನ ಗೋದಾಮಿನ ಬಾಡಿಗೆ ಕಟ್ಟಿ, ಮುಂದಿನ ಫ್ಲೈಟ್‌ಗೆ ಬುಕ್ ಮಾಡಿಸುತ್ತೇನೆ.

ವೇಗದೂತ:
ಬ್ಯಾಂಕ್ ಪತ್ರ ತೋರಿಸದೆ ಮಾಲು ಕೊಡಬೇಡಿ ಅಂತ ಆ ಏಜೆಂಟ್‌ಗೇ ಮೇಲ್ ಹಾಕಿಸಿದರೆ ಸಾಕಲ್ವಾ?

ಸರಕುನೋಟ:
ಏಜೆಂಟ್ ಬರವಣಿಗೆಯಲ್ಲಿ ಒಪ್ಪಿದರೆ ಏನೂ ಇಲ್ಲದ್ದಕ್ಕಿಂತ ವಾಸಿ. ಆದರೂ ಬಿಲ್‌ನಲ್ಲಿ ಬೈಯರ್ ಹೆಸರೇ ಇರುವಾಗ ಅವರು ಜೋರು ಮಾಡಿದರೆ ಏಜೆಂಟ್ ಎಷ್ಟು ಹೊತ್ತು ನಿಲ್ಲುತ್ತಾರೆ ಅನ್ನುವುದರ ಮೇಲೆ ನಾನು ದುಡ್ಡು ಕಟ್ಟಲ್ಲ.

ಬೊಂಬೆಮನೆ:
ಫ್ಲೈಟ್ ಮುಂದಕ್ಕೆ ಹಾಕಿಸಿದೆ. ಇವತ್ತು ಮಧ್ಯಾಹ್ನ ಹನ್ನೆರಡೂ ಅಳೆದರು. ಒಂಬತ್ತು ಬಾಕ್ಸ್ 62 × 46 × 42 ಅಂತಲೇ ಬಂತು, ಮೂರು ಮಾತ್ರ ಎತ್ತರ 40. ಹೊಸ ಲೆಕ್ಕ 236.5 ಅಂತ ಕಳಿಸಿದ್ದಾರೆ. ಸಿ.ಎಚ್.ಎ. ಸಿಕ್ಕಿಲ್ಲ, ಬ್ಯಾಂಕ್ ಉತ್ತರಕ್ಕೂ ಕಾಯ್ತಿದ್ದೇನೆ.

ಸರಕುನೋಟ:
236.716 ಬರುತ್ತೆ, ಮೇಲಕ್ಕೆ ಏರಿಸಿದರೆ 237. ನಿಮ್ಮ ಫಾರ್ವರ್ಡರ್ ಕೆಳಕ್ಕೆ ಇಳಿಸಿದ್ದಾರೆ. ಈಗಲೇ ತಿದ್ದಿಸಿ, ಏರ್‌ಲೈನ್ ಆಮೇಲೆ ಹಿಡಿದರೆ ತಿದ್ದುಪಡಿಯ ಶುಲ್ಕ ಆ ಅರ್ಧ ಕೆಜಿಗಿಂತ ದುಬಾರಿ.