ಸಹಾಯ ಬೇಕು: ಅಪ್ಪನ ಗೌಟ್‌ಗೆ ಪುಣೆಯಲ್ಲಿ ಕನ್ನಡ ಬಲ್ಲ ಡಾಕ್ಟರ್

ನಮಸ್ಕಾರ. ಬಾಗಲಕೋಟೆಯಿಂದ ಚಿಂಚವಡದ ನಮ್ಮ ಮನೆಗೆ ಬಂದಿರುವ ಅಪ್ಪನಿಗೆ ಕಾಲಿನ ಹೆಬ್ಬೆರಳು ಕೆಂಪಾಗಿ ಊದಿದೆ. ಹೊದಿಕೆ ತಾಗಿದರೂ ನೋವು. ಯೂರಿಕ್ ಆಸಿಡ್ 9.2, ಕ್ರಿಯೇಟಿನಿನ್ 1.9.

ಮೆಡಿಕಲ್ ಅಂಗಡಿಯಲ್ಲಿ ಡೈಕ್ಲೋಫೆನಾಕ್ ಕೊಟ್ಟಿದ್ದರು. ಕಿಡ್ನಿ ಸೋತವರಿಗೆ ಅದೂ ಬೇಡ, ಐಬುಪ್ರೊಫೆನ್, ಎಟೋರಿಕಾಕ್ಸಿಬ್ ಕೂಡ ಬೇಡ ಎಂದು ಡಾಕ್ಟರ್ ನಿಲ್ಲಿಸಿದರು. ಬದಲಿಗೆ 5 ದಿನ ಪ್ರೆಡ್ನಿಸೋಲೋನ್ ಬರೆದಿದ್ದಾರೆ. ಶುಗರ್ ಏರಬಹುದು, ನೋಡ್ತಾ ಇರಿ ಅಂದರು.

ನೆಂಟರೊಬ್ಬರು ಫೆಬುಕ್ಸೋಸ್ಟಾಟ್ ಈಗಲೇ ಶುರು ಮಾಡಿ ಅಂತಾರೆ. ಆದರೆ ಅದು ಯೂರಿಕ್ ಆಸಿಡ್ ಇಳಿಸುವ ಮಾತ್ರೆ, ನೋವಿನ ಮಾತ್ರೆ ಅಲ್ಲವಲ್ಲ. ಯೂರಿಕ್ ಆಸಿಡ್ ಒಮ್ಮೆಲೇ ಇಳಿದರೆ ಕೀಲಿನಲ್ಲಿ ಕೂತ ಹರಳುಗಳು ಕದಲಿ ಊತ, ನೋವು ಇನ್ನೂ ಎಳೆಯಬಹುದು. ಅದಕ್ಕೇ ನೋವು ಪೂರ್ತಿ ಇಳಿದು ಸುಮಾರು 2 ವಾರ ಬಿಟ್ಟು, ಕಡಿಮೆ ಡೋಸಿನಿಂದ ಶುರು ಮಾಡೋದು ವಾಡಿಕೆ. ಮೊದಲಿಂದಲೇ ತಗೊಳ್ತಿರುವವರು ಮಾತ್ರ ಸುಮ್ನೆ ನಿಲ್ಲಿಸಬಾರದು.

ಫೆಬುಕ್ಸೋಸ್ಟಾಟ್ ಶುರು ಮಾಡಿದಾಗ ನೋವು ಮತ್ತೆ ಏಳದಂತೆ ಕೆಲವು ತಿಂಗಳು ಕಾಲ್ಚಿಸಿನ್ ಕೂಡ ಜೊತೆಗೆ ಕೊಡುತ್ತಾರೆ. ಕಿಡ್ನಿ ಹೀಗಿದ್ದಾಗ ಅದು ಮೈಯಲ್ಲೇ ಉಳಿದು ಜಾಸ್ತಿಯಾಗುತ್ತದೆ. ಭೇದಿ, ಸ್ನಾಯು ನೋವು ಬಂದರೆ ಅದೇ ಸುಳಿವು. ಹಾಗಾಗಿ ಡೋಸ್ ಲೆಕ್ಕ ಹಾಕಿ ಕೊಡುವ, ಕನ್ನಡ ಬಲ್ಲ ಕೀಲುರೋಗದ ಡಾಕ್ಟರ್ ಪಿಂಪರಿ-ಚಿಂಚವಡ ಕಡೆ ಯಾರಾದರೂ ಇದ್ದಾರಾ? ಅಪ್ಪನಿಗೆ ಮರಾಠಿ, ಹಿಂದಿ ಎರಡೂ ಬರಲ್ಲ. ಗೊತ್ತಿದ್ದವರು ದಯವಿಟ್ಟು ತಿಳಿಸಿ.